ಕೇಳಿಸುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ

ಅರವತ್ತು ದಾಟಿದವರು ಕಿವಿ ತೋರಿಸಲು ಬಂದಾಗ ಹೇಳುವ ದೂರು ಬಹುಮಟ್ಟಿಗೆ ಒಂದೇ: “ಕೇಳ್ಸತ್ತೆ ಡಾಕ್ಟ್ರೇ, ಆದ್ರೆ ಏನ್ ಹೇಳ್ತಿದಾರೆ ಅಂತ ಗೊತ್ತಾಗಲ್ಲ.” ಜೊತೆಗೆ ಬಂದ ಮಗನದೋ ಸೊಸೆಯದೋ ದೂರು ಬೇರೆ: “ಮಾವಂಗೆ ಬೇಕಾದ್ದು ಮಾತ್ರ ಕೇಳ್ಸತ್ತೆ. ಮನೇಲಿ ಚೆನ್ನಾಗೇ ಮಾತಾಡ್ತಾರೆ, ಮದ್ವೆ ಮನೆಗೆ ಹೋದ್ರೆ ಕರೆದ್ರೂ ತಿರುಗಿ ನೋಡಲ್ಲ.” ಎರಡೂ ಮಾತು ನಿಜ, ಎರಡಕ್ಕೂ ಕಾರಣ ಒಂದೇ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಸದ್ದನ್ನಲ್ಲ, ಗದ್ದಲದ ನಡುವೆ ಮಾತನ್ನು ಬಿಡಿಸಿಕೊಳ್ಳುವ ಶಕ್ತಿಯನ್ನು. ಬೇಸರದ ಸಂಗತಿಯೆಂದರೆ, ಇಂಥವರಲ್ಲಿ ಅನೇಕರು ಪರೀಕ್ಷೆ ಮಾಡಿಸಿಕೊಂಡು “ಎಲ್ಲ ನಾರ್ಮಲ್ ಇದೆ, ವಯಸ್ಸಿನದು” ಎಂದು ಹೇಳಿಸಿಕೊಂಡು ವಾಪಸಾಗುತ್ತಾರೆ. ಯಾಕೆಂದರೆ ಅವರ ದೂರು ಗದ್ದಲದ್ದು, ಅವರಿಗೆ ಆದ ಪರೀಕ್ಷೆ ಮೌನದ್ದು.

ಇದು ಅರ್ಥವಾಗಬೇಕಾದರೆ ಒಳಗಿವಿಯನ್ನು ಸ್ವಲ್ಪ ನೋಡಬೇಕು. ಅಲ್ಲಿ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಪುಟ್ಟ ಕೊಳವೆ ಇದೆ. ಅದರ ಉದ್ದಕ್ಕೂ ಸೂಕ್ಷ್ಮವಾದ ಕೂದಲಿನಂಥ ಎಳೆಗಳಿರುವ ಜೀವಕೋಶಗಳ ಸಾಲುಗಳಿವೆ. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲುಗಳವು ಸುಮಾರು 12,000. ಒಳಸಾಲಿನ ಕೋಶಗಳು ಸದ್ದನ್ನು ನರಕ್ಕೆ ದಾಟಿಸುತ್ತವೆ. ಹೊರಸಾಲಿನವು ಮೆಲುದನಿಯನ್ನು ಎತ್ತಿ ಹಿಡಿಯುತ್ತವೆ, ಹತ್ತಿರಹತ್ತಿರದ ಎರಡು ಸ್ವರಗಳನ್ನು ಬೇರೆ ಮಾಡಿ ತೋರಿಸುತ್ತವೆ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾಗುತ್ತ ಹೋದಂತೆ ಇವು ಸವೆಯುವುದು ಸುರುಳಿಯ ಬುಡದ ಕಡೆಯಿಂದ. ತಾರದ ಸದ್ದುಗಳನ್ನು, ಅಂದರೆ ಹೆಚ್ಚಿನ ಕಂಪನದ ಸದ್ದುಗಳನ್ನು, ಹಿಡಿಯುವುದು ಈ ಬುಡದ ಭಾಗವೇ. ವರ್ಷಗಟ್ಟಲೆ ಜೋರು ಯಂತ್ರಗಳ ಬಳಿ ದುಡಿದವರಲ್ಲಿ ಈ ಸವೆತ ಬೇಗ ಆಗುತ್ತದೆ. ಕೆಲವು ಔಷಧಿಗಳು ಕೂಡ ಇದೇ ಕೋಶಗಳನ್ನು ಕೊಲ್ಲುತ್ತವೆ. ಜೆಂಟಾಮೈಸಿನ್ ಗುಂಪಿನ ಇಂಜೆಕ್ಷನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಇದಕ್ಕೆ ಹೆಸರಾದವು.

ಈಗ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳಿನೋಡಿ: ಹಾಲು, ಕಾಲು, ಸಾಲು, ಪಾಲು. ನಾಲ್ಕರಲ್ಲೂ ‘ಆಲು’ ಎಂಬ ಭಾಗ ಒಂದೇ. ಅದು ಸ್ವರಗಳ ಬಲದಿಂದ ನಿಂತ ಗಟ್ಟಿ ಸದ್ದು, ಕಂಪನ ಕಡಿಮೆ, ಮುದಿಕಿವಿಗೂ ಚೆನ್ನಾಗಿ ಮುಟ್ಟುತ್ತದೆ. ಹಾಲನ್ನು ಕಾಲಿನಿಂದ ಬೇರೆ ಮಾಡುವುದು ಮೊದಲ ವ್ಯಂಜನ ಮಾತ್ರ. ‘ಕ’ದ, ‘ಪ’ದ ಸ್ಫೋಟ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿದಿರುತ್ತದೆ. ‘ಸ’ದ ಸುಯ್ಯೆನ್ನುವ ಸದ್ದಿನ ಬಹುಭಾಗ ಸೆಕೆಂಡಿಗೆ 4,000 ಕಂಪನಗಳಿಗೂ ಮೇಲಿರುತ್ತದೆ. ಮಾತಿನ ಗಟ್ಟಿತನವೆಲ್ಲ ಸ್ವರದಲ್ಲಿದೆ, ಮಾತಿನ ಅರ್ಥ ಹೆಚ್ಚಾಗಿ ವ್ಯಂಜನದಲ್ಲಿದೆ. ತಾರದ ಭಾಗ ಸವೆದ ಕಿವಿಗೆ ಸ್ವರ ಪೂರ್ತಿ ಸಿಗುತ್ತದೆ, ವ್ಯಂಜನ ಅರ್ಧಂಬರ್ಧ ಸಿಗುತ್ತದೆ. ಆದ್ದರಿಂದಲೇ “ಕೇಳಿಸುತ್ತದೆ” ಎನ್ನುವುದೂ ನಿಜ, “ಗೊತ್ತಾಗುವುದಿಲ್ಲ” ಎನ್ನುವುದೂ ನಿಜ. ನೀರು ಬಿದ್ದು ಅಲ್ಲಲ್ಲಿ ಶಾಯಿ ಹರಡಿದ ಕಾಗದವನ್ನು ಓದಿದಂತೆ ಅವರು ಮಾತನ್ನು ಓದಿಕೊಳ್ಳುತ್ತಿರುತ್ತಾರೆ. ಮೊಮ್ಮಕ್ಕಳ ಮಾತು, ಹೆಣ್ಣುಮಕ್ಕಳ ಸಣ್ಣ ದನಿ ಅವರಿಗೆ ಹೆಚ್ಚು ಕಷ್ಟ ಕೊಡುವುದಕ್ಕೂ ಇದೇ ಕಾರಣ.

ಮನೆಯ ಮೌನದಲ್ಲಿ ಈ ಕೊರತೆ ಬಯಲಾಗುವುದಿಲ್ಲ. “ಬೆಕ್ಕು ಹಾಲು ಕುಡೀತು” ಎಂದಾಗ ‘ಹ’ ಕೇಳಿಸದಿದ್ದರೂ ಮೆದುಳು ಅದನ್ನು ತುಂಬಿಕೊಳ್ಳುತ್ತದೆ. ಬೆಕ್ಕು ಕಾಲು ಕುಡಿಯುವುದಿಲ್ಲವಲ್ಲ. ಎದುರಿಗಿರುವವರ ತುಟಿ, ಮುಖಭಾವ, ಮಾತಿನ ಸಂದರ್ಭ ಎಲ್ಲವೂ ನೆರವಿಗೆ ಬರುತ್ತವೆ. ನಷ್ಟ ಆಗುವುದೂ ನಿಧಾನವಾಗಿ, ಹತ್ತು ಹದಿನೈದು ವರ್ಷಗಳಲ್ಲಿ. ಹಾಗಾಗಿ ಅದು ಸ್ವತಃ ಅವರ ಗಮನಕ್ಕೇ ಬರುವುದಿಲ್ಲ. ಟಿ.ವಿ. ಸದ್ದು ಜಾಸ್ತಿಯಾಯಿತು ಎಂದು ಮೊದಲು ಹೇಳುವವರು ಮನೆಯವರೇ. ಈಗಿನವರು ಗೊಣಗುಟ್ಟುತ್ತಾರೆ, ಸ್ಪಷ್ಟವಾಗಿ ಮಾತಾಡುವುದನ್ನೇ ಮರೆತಿದ್ದಾರೆ ಎಂದು ಹಿರಿಯರು ಹೇಳುವುದುಂಟು. ಅದು ಹಠವಲ್ಲ, ಅವರ ಕಿವಿಗೆ ಬರುವ ಮಾತು ಹಾಗೆಯೇ ಇರುತ್ತದೆ.

ಕಲ್ಯಾಣ ಮಂಟಪಕ್ಕೆ ಹೋದರೆ ಈ ನೆರವುಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ. ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಸೂರು, ಸ್ಟೀಲ್ ಪಾತ್ರೆಗಳ ಸದ್ದು, ಮೈಕಿನಲ್ಲಿ ಓಲಗ. ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿದು ಮುಂದಿನ ಮಾತಿನ ಮೇಲೆಯೇ ಬಂದು ಬೀಳುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಫ್ಯಾನಿನ ಸದ್ದು ಒಂದೇ ಸಮ ಇರುತ್ತದೆ, ಕಿವಿ ಅದನ್ನು ಹೇಗೋ ಬದಿಗೆ ಸರಿಸುತ್ತದೆ. ಆದರೆ ಸುತ್ತ ಕೂತ ನೂರು ಜನರ ಮಾತು ಕೂಡ ಮಾತೇ. ಅದೇ ಕಂಪನಗಳು, ಅದೇ ಲಯ, ಅದೇ ಭಾಷೆ. ಪಕ್ಕದವರ ಮಾತನ್ನು ಅದರಿಂದ ಬಿಡಿಸಿಕೊಳ್ಳಲು ಆರೋಗ್ಯವಂತ ಕಿವಿ ಎರಡು ಉಪಾಯ ಮಾಡುತ್ತದೆ. ಬಲಗಡೆಯ ಸದ್ದು ಎಡಕಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ ತಲುಪುತ್ತದೆ, ಆ ಅಂತರದಿಂದ ಸದ್ದಿನ ದಿಕ್ಕು ಗೊತ್ತಾಗುತ್ತದೆ. ಇನ್ನೊಂದು, ಗದ್ದಲ ಒಂದು ಕ್ಷಣ ತಗ್ಗಿದಾಗ ಆ ಸಂದಿನಲ್ಲೇ ಮಾತಿನ ತುಣುಕನ್ನು ಹಿಡಿದುಕೊಳ್ಳುತ್ತದೆ. ಹೊರಸಾಲಿನ ಕೋಶಗಳು ಸವೆದಾಗ, ನರದ ಎಳೆಗಳು ಕಡಿಮೆಯಾದಾಗ, ಮೆದುಳಿನ ವೇಗವೂ ವಯಸ್ಸಿಗೆ ತಕ್ಕಂತೆ ತಗ್ಗಿದಾಗ ಈ ಎರಡು ಉಪಾಯಗಳೂ ಮಂಕಾಗುತ್ತವೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ, ಜನರು ಹಲವು ದನಿಗಳ ನಡುವೆ ಒಂದೇ ದನಿಯನ್ನು ಹೇಗೆ ಹಿಂಬಾಲಿಸುತ್ತಾರೆ ಎಂದು ಪ್ರಯೋಗ ಮಾಡಿದಂದಿನಿಂದ ಇದು ಶ್ರವಣ ವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಗಿ ಉಳಿದಿದೆ.

ನರದ ಎಳೆಗಳ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. 2009ರಲ್ಲಿ ಅಮೆರಿಕದ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಿಗೆ ಜೋರು ಸದ್ದು ಕೇಳಿಸಿ ನೋಡಿದರು. ಇಲಿಗಳ ಕಿವಿ ಕೆಲವು ದಿನಗಳಲ್ಲಿ ಸುಧಾರಿಸಿತು, ಮೆಲುದನಿಯೂ ಮೊದಲಿನಂತೆ ಕೇಳಿಸತೊಡಗಿತು. ಆದರೆ ಕೋಶ ಮತ್ತು ನರ ಸೇರುವ ಸಂಧಿಗಳಲ್ಲಿ ಕೆಲವು ಕಡೆ ಅರ್ಧದಷ್ಟು ಶಾಶ್ವತವಾಗಿ ಹೋಗಿಬಿಟ್ಟಿದ್ದವು. ಸಾಮಾನ್ಯ ಶ್ರವಣ ಪರೀಕ್ಷೆಗೆ ಸಿಗದ ನಷ್ಟವೊಂದು ಕಿವಿಯಲ್ಲಿ ಅಡಗಿರಬಹುದು ಎಂಬುದು ಇದರಿಂದ ಗೊತ್ತಾಯಿತು. ಮನುಷ್ಯರ ಗದ್ದಲದ ತೊಂದರೆಯಲ್ಲಿ ಇದರ ಪಾಲು ಎಷ್ಟು ಎಂಬುದು ಇನ್ನೂ ಚರ್ಚೆಯಲ್ಲಿದೆ.

ಹಾಗಾದರೆ ಪರೀಕ್ಷೆ ಹೇಗೆ ನಡೆಯುತ್ತದೆ? ಒಬ್ಬರ ಉದಾಹರಣೆ ಇಟ್ಟುಕೊಂಡು ಹಂತಹಂತವಾಗಿ ನೋಡೋಣ. ಇವರು ನಿರ್ದಿಷ್ಟ ವ್ಯಕ್ತಿಯಲ್ಲ, ಆಡಿಯಾಲಜಿಸ್ಟರು ದಿನವೂ ಕಾಣುವ ಮಾದರಿ. ವಯಸ್ಸು 68, ನಿವೃತ್ತ ಮೇಷ್ಟ್ರು. ಮನೆಯಲ್ಲಿ ತೊಂದರೆ ಅಷ್ಟಾಗಿ ಇಲ್ಲ. ಸಂಘದ ಸಭೆಯಲ್ಲಿ, ಪಂಕ್ತಿ ಊಟದಲ್ಲಿ ಮಾತು ತಿಳಿಯುವುದಿಲ್ಲ. ನಕ್ಕವರ ಜೊತೆ ನಕ್ಕು ಸುಮ್ಮನಾಗುತ್ತಾರೆ, ಈಚೆಗೆ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಮೊದಲು ಪ್ರಶ್ನೆಗಳು. ತೊಂದರೆ ಒಂದು ಕಿವಿಯದೋ ಎರಡರದೋ, ನಿಧಾನವಾಗಿ ಬಂದದ್ದೋ ಇದ್ದಕ್ಕಿದ್ದಂತೆ ಬಂದದ್ದೋ, ಕಿವಿಯಲ್ಲಿ ಗುಂಯ್ ಎನ್ನುತ್ತದೆಯೇ, ತಲೆ ಸುತ್ತುತ್ತದೆಯೇ, ಸೋರುತ್ತದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಸಕ್ಕರೆ ಕಾಯಿಲೆ ಇದೆಯೇ. ಆಮೇಲೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುವುದು. ಗುಗ್ಗೆ ತುಂಬಿ ಗಟ್ಟಿಯಾಗಿದ್ದರೆ ಅದನ್ನು ತೆಗೆದ ಮೇಲೆಯೇ ಮುಂದಿನ ಮಾತು. ಎಷ್ಟೋ ಜನರ ಕಿವಿ ಅಲ್ಲಿಗೇ ಸರಿಹೋಗುವುದುಂಟು. ನಮ್ಮ ಮೇಷ್ಟ್ರ ಕಿವಿ ಸ್ವಚ್ಛವಾಗಿದೆ, ತಮಟೆಯೂ ಚೆನ್ನಾಗಿದೆ.

ನಂತರ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಒಂದೊಂದು ಕಿವಿಗೂ ಬೇರೆಬೇರೆಯಾಗಿ, 250ರಿಂದ 8,000 ಕಂಪನದವರೆಗೆ, ಬೀಪ್ ಎಂಬ ಶುದ್ಧ ಸ್ವರ ಕೇಳಿಸುತ್ತಾರೆ. ಸದ್ದು ತಗ್ಗಿಸುತ್ತ ತಗ್ಗಿಸುತ್ತ, ಅತಿ ಮೆಲ್ಲನೆ ಕೇಳಿಸಿದಾಗಲೂ ಗುಂಡಿ ಒತ್ತಬೇಕು. ಹೀಗೆ ಸಿಕ್ಕ ಕನಿಷ್ಠ ಮಟ್ಟಗಳನ್ನು ಗೆರೆ ಎಳೆದು ತೋರಿಸಿದರೆ ಅದೇ ಆಡಿಯೋಗ್ರಾಂ. ಆರೋಗ್ಯವಂತ ಯುವಕರಿಗೆ ಸರಾಸರಿ ಕೇಳಿಸುವ ಮಟ್ಟವೇ ಸೊನ್ನೆ ಡೆಸಿಬಲ್. ಅಂಕಿ ಹೆಚ್ಚಾದಷ್ಟೂ ಕಿವಿ ಮಂದ. ಮೇಷ್ಟ್ರ ಬಲಗಿವಿಯಲ್ಲಿ 500 ಕಂಪನಕ್ಕೆ 15 ಡೆಸಿಬಲ್, 1,000ಕ್ಕೆ 20, 2,000ಕ್ಕೆ 35, 4,000ಕ್ಕೆ 55, 8,000ಕ್ಕೆ 70 ಬಂತು. ಎಡಗಿವಿಯೂ ಹೆಚ್ಚುಕಡಿಮೆ ಹೀಗೆಯೇ. ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ನೋಡಿದಾಗಲೂ ಅದೇ ಅಂಕಿಗಳು ಬಂದವು. ಅಂದರೆ ತಡೆ ಇರುವುದು ತಮಟೆಯಲ್ಲೋ ನಡುಗಿವಿಯಲ್ಲೋ ಅಲ್ಲ, ಒಳಗಿವಿಯಲ್ಲಿ. ಎರಡೂ ಕಿವಿಯಲ್ಲಿ ಒಂದೇ ಥರ, ಎಡದಿಂದ ಬಲಕ್ಕೆ ಇಳಿಜಾರಾಗಿ ಇಳಿಯುವ ಈ ಗೆರೆ ವಯಸ್ಸಿನ ಕಿವುಡಿನ ಗುರುತು.

ವರದಿಯ ಕೊನೆಯಲ್ಲಿ ಬರೆಯುವ ಒಂದು ಸರಾಸರಿ ಇರುತ್ತದೆ, ಎಡವುವುದು ಅಲ್ಲಿಯೇ. ಹಲವು ಕಡೆ 500, 1,000, 2,000 ಈ ಮೂರರ ಸರಾಸರಿ ತೆಗೆಯುತ್ತಾರೆ. ಮೇಷ್ಟ್ರದು 15, 20, 35 ಕೂಡಿ 70. ಮೂರರಿಂದ ಭಾಗಿಸಿದರೆ 23 ಚಿಲ್ಲರೆ. 25ರೊಳಗೆ ನಾರ್ಮಲ್ ಎಂಬ ಹಳೆಯ ಲೆಕ್ಕದಲ್ಲಿ ಇವರು ಪಾಸು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಬಳಸಿದ ಕ್ರಮ ಬೇರೆ. ಅದರಲ್ಲಿ 4,000ವನ್ನೂ ಸೇರಿಸಿ ನಾಲ್ಕರ ಸರಾಸರಿ ತೆಗೆಯುತ್ತಾರೆ, 20 ಮುಟ್ಟಿದರೆ ನಷ್ಟ ಶುರು. ಇದೇ ಮೇಷ್ಟ್ರ ಸರಾಸರಿ ಆಗ 31 ಚಿಲ್ಲರೆ ಆಗಿ, ‘ಸ್ವಲ್ಪ ಮಟ್ಟಿನ ಶ್ರವಣ ನಷ್ಟ’ದ ಸಾಲಿಗೆ ಸೇರುತ್ತಾರೆ. ಕಿವಿ ಒಂದೇ, ಮಾಪನ ಒಂದೇ, ಸರಾಸರಿಯೊಳಗೆ ಯಾವ ಅಂಕಿಯನ್ನು ಸೇರಿಸಿದರು ಎಂಬುದರ ಮೇಲೆ ನಾರ್ಮಲ್ ಎನ್ನಿಸಿಕೊಂಡರು ಅಥವಾ ಅಲ್ಲ ಎನ್ನಿಸಿಕೊಂಡರು. ನಿಮ್ಮ ಕೈಗೆ ಆಡಿಯೋಗ್ರಾಂ ಬಂದರೆ ಕೊನೆಯ ಸಾಲಿನ ಸರಾಸರಿಯನ್ನು ಬಿಟ್ಟು ಗೆರೆಯ ಬಲತುದಿಯನ್ನು ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮುಂದಿನದು ಮಾತಿನ ಪರೀಕ್ಷೆ, ಮೊದಲು ಮೌನದಲ್ಲಿ. ಆರಾಮವಾಗಿ ಕೇಳಿಸುವಷ್ಟು ಸದ್ದಿನಲ್ಲಿ 25 ಪದಗಳನ್ನು ಒಂದೊಂದಾಗಿ ಹೇಳುತ್ತಾರೆ, ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಇದು ರೋಗಿಯ ಮನೆಮಾತಿನಲ್ಲಿ ಆಗಬೇಕು. ಗೊತ್ತಿಲ್ಲದ ಭಾಷೆಯ ಪದ ತಪ್ಪಾದರೆ ಅದು ಕಿವಿಯ ತಪ್ಪೋ ಭಾಷೆಯ ತಪ್ಪೋ ಹೇಳಲಾಗದು. ಕನ್ನಡಿಗರ ಭಾಗ್ಯವೆಂದರೆ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಜನ ‘ಆಯಿಷ್’ ಎಂದು ಕರೆಯುವ ಈ ಸಂಸ್ಥೆಯ ಸಂಶೋಧಕರು ಕನ್ನಡದ ಧ್ವನಿಗಳ ಪ್ರಮಾಣಕ್ಕೆ ಹೊಂದುವ ಪದಪಟ್ಟಿಗಳನ್ನು, ಗದ್ದಲದಲ್ಲಿ ಕೇಳಿಸಲು ಕನ್ನಡ ವಾಕ್ಯಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಮೇಷ್ಟ್ರು 25ರಲ್ಲಿ 23 ಪದ ಸರಿಯಾಗಿ ಹೇಳಿದರು. ನೂರಕ್ಕೆ 92. ಇಲ್ಲಿಗೆ ಪರೀಕ್ಷೆ ನಿಲ್ಲಿಸಿದ್ದರೆ ಅವರು “ನಿಮಗೇನೂ ಆಗಿಲ್ಲ” ಎನ್ನಿಸಿಕೊಂಡೇ ಮನೆಗೆ ಹೋಗುತ್ತಿದ್ದರು.

ಅವರ ದೂರಿಗೆ ಉತ್ತರ ಸಿಗುವುದು ಇದರ ನಂತರದ ಹಂತದಲ್ಲಿ. ಗದ್ದಲದ ನಡುವೆ ಮಾತನ್ನು ಅಳೆಯುವ ಪರೀಕ್ಷೆಗಳು ಹಲವು ಇವೆ. ಅಮೆರಿಕದಲ್ಲಿ ರೂಪಿಸಿದ ‘ಕ್ವಿಕ್‌ಸಿನ್’ ಎಂಬುದರ ಲೆಕ್ಕ ಸರಳವಾದ್ದರಿಂದ ಅದನ್ನೇ ನೋಡೋಣ. ಹಿಂದೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಗದ್ದಲ, ಮುಂದೆ ಒಂದು ವಾಕ್ಯ. ಮೊದಲ ವಾಕ್ಯ ಗದ್ದಲಕ್ಕಿಂತ 25 ಡೆಸಿಬಲ್ ಜೋರು. ಮುಂದಿನವು 20, 15, 10, 5 ಹೀಗೆ ಇಳಿದು ಆರನೆಯದರಲ್ಲಿ ಮಾತು, ಗದ್ದಲ ಎರಡೂ ಸಮ. ಪ್ರತಿ ವಾಕ್ಯದಲ್ಲಿ ಐದು ಮುಖ್ಯ ಪದ, ಒಟ್ಟು 30. ಮೇಷ್ಟ್ರು ಕ್ರಮವಾಗಿ 5, 5, 4, 2, 1, 0 ಪದ ಹಿಡಿದರು. ಒಟ್ಟು 17. ಈ ಪರೀಕ್ಷೆಯ ಸೂತ್ರದಂತೆ 25.5ರಲ್ಲಿ 17 ಕಳೆದರೆ 8.5. ಅರ್ಥ ಇಷ್ಟೇ: ಚೆನ್ನಾಗಿ ಕೇಳಿಸುವವರಿಗೆ ಅರ್ಧದಷ್ಟು ಪದ ಸಿಗಲು ಮಾತು ಗದ್ದಲಕ್ಕಿಂತ 2 ಡೆಸಿಬಲ್ ಮೇಲಿದ್ದರೆ ಸಾಕು. ಮೇಷ್ಟ್ರಿಗೆ ಅದಕ್ಕಿಂತ 8.5 ಹೆಚ್ಚು, ಅಂದರೆ 10.5 ಡೆಸಿಬಲ್ ಮೇಲಿರಬೇಕು. ಈ ಕೊರತೆ 3ರವರೆಗೆ ಇದ್ದರೆ ಸಹಜ, 7ರವರೆಗೆ ಸ್ವಲ್ಪ, 15ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ. ಜನ ತುಂಬಿದ ಊಟದ ಹಾಲ್‌ನಲ್ಲಿ ಎದುರಿನವರ ದನಿ ಮತ್ತು ಗದ್ದಲ ಹೆಚ್ಚುಕಡಿಮೆ ಸಮಸಮ ಇರುತ್ತವೆ. ಅಲ್ಲಿ ಮೇಷ್ಟ್ರಿಗೆ ಮಾತು ತಿಳಿಯದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದೇ ಆಡಿಯೋಗ್ರಾಂ ಇರುವ ಇನ್ನೊಬ್ಬರು ಅದೇ ಪರೀಕ್ಷೆಯಲ್ಲಿ 23 ಪದ ಹಿಡಿದು 2.5ರ ಕೊರತೆಯೊಂದಿಗೆ ಸಹಜ ಎನ್ನಿಸಿಕೊಳ್ಳಬಹುದು. ಬೀಪ್ ಸದ್ದಿನ ಗೆರೆ ನೋಡಿ ಗದ್ದಲದ ಅಂಕ ಊಹಿಸಲು ಆಗುವುದಿಲ್ಲ, ಅಳೆದೇ ನೋಡಬೇಕು. ಮಾತಿನ ಪರೀಕ್ಷೆಯನ್ನು ಗದ್ದಲದಲ್ಲೂ ಮಾಡುವುದು ರೂಢಿಯಾಗಬೇಕು ಎಂದು ಅಮೆರಿಕದ ರೇಮಂಡ್ ಕಾರ್ಹಾರ್ಟ್ ಮತ್ತು ಟಾಮ್ ಟಿಲ್‌ಮನ್ 1970ರಲ್ಲೇ ಹೇಳಿದ್ದರು. ಒಂದು ಪಟ್ಟಿ ಮುಗಿಸಲು ಒಂದೆರಡು ನಿಮಿಷ ಸಾಕು. ಇಷ್ಟಾದರೂ ಅದನ್ನು ಮಾಡದೆ ವರದಿ ಬರೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಎಚ್ಚರವೂ ಬೇಕು. ಒಂದೇ ಪಟ್ಟಿಯ ಅಂಕದಲ್ಲಿ ಎರಡು ಮೂರು ಡೆಸಿಬಲ್ ಅತ್ತಿತ್ತ ಆಗುತ್ತದೆ, ಎರಡು ಪಟ್ಟಿಗಳ ಸರಾಸರಿ ಹೆಚ್ಚು ನಂಬಿಕೆಯದು. ಕನ್ನಡದ ಪರೀಕ್ಷೆಗಳ ಹಂತ, ಅಂಕ, ಸಹಜ ಮಿತಿ ಅವುಗಳದೇ ಇರುತ್ತವೆ. ಮೇಲಿನ 3, 7, 15ರ ಮಿತಿಗಳನ್ನು ಅವಕ್ಕೆ ಹಚ್ಚಬಾರದು.

ಮನೆಯಲ್ಲೇ ನೋಡಿಕೊಳ್ಳಬೇಕೆನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ hearWHO ಎಂಬ ಆ್ಯಪ್ ಇದೆ. ಗದ್ದಲದ ನಡುವೆ ಮೂರು ಅಂಕಿಗಳನ್ನು ಹೇಳುತ್ತದೆ, ಕೇಳಿಸಿದ್ದನ್ನು ಒತ್ತಬೇಕು. ಅದು ಜರಡಿ ಹಿಡಿಯುವುದಕ್ಕೆ ಮಾತ್ರ, ರೋಗ ನಿರ್ಣಯಕ್ಕಲ್ಲ. ಅಂಕ ಕಡಿಮೆ ಬಂದರೆ ಪರೀಕ್ಷೆಗೆ ಹೋಗಬೇಕು ಎಂದಷ್ಟೇ ಅರ್ಥ.

ಮೇಷ್ಟ್ರ 8.5 ಎಂಬ ಅಂಕದಿಂದ ಮುಂದಿನ ದಾರಿಯೂ ತಿಳಿಯುತ್ತದೆ. ಶ್ರವಣ ಸಾಧನ ತಾರದ ಸದ್ದುಗಳನ್ನು ಎತ್ತಿಕೊಡುತ್ತದೆ, ಮನೆಯಲ್ಲಿ ಟಿ.ವಿ. ಸದ್ದು ತಗ್ಗುತ್ತದೆ, ಮೊಮ್ಮಗಳ ಮಾತು ಮೊದಲಿಗಿಂತ ಬಿಡಿಬಿಡಿಯಾಗಿ ಸಿಗುತ್ತದೆ. ಆದರೆ ಅದು ಮಾತಿನ ಜೊತೆ ಗದ್ದಲವನ್ನೂ ಎತ್ತುತ್ತದೆ. ಎದುರಿನ ದನಿಯನ್ನೇ ಆರಿಸಿಕೊಳ್ಳುವ ಮೈಕುಗಳಿಂದ ಕೆಲವು ಡೆಸಿಬಲ್ ಲಾಭ ಸಿಗಬಹುದು, ಪೂರ್ತಿ 8.5 ಸಿಗುವುದು ಕಷ್ಟ. ಹೆಚ್ಚು ಕೊರತೆ ಇರುವವರಿಗೆ, ಮಾತಾಡುವವರ ಬಳಿಯೇ ಇಡುವ ಅಥವಾ ಅವರ ಅಂಗಿಗೆ ಸಿಕ್ಕಿಸುವ ಪುಟ್ಟ ವೈರ್‌ಲೆಸ್ ಮೈಕು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದನ್ನು ಮೊದಲೇ ಹೇಳದೆ ಸಾಧನ ಕೊಟ್ಟರೆ, ಮೊದಲ ಮದುವೆಯಲ್ಲೇ ಅದು ಕಿವಿಯಿಂದ ಇಳಿದು ಡಬ್ಬಿ ಸೇರುತ್ತದೆ. ಸಾಧನ ಹಾಕಿಸಿದ ಮೇಲೆ ಅದನ್ನು ಹಾಕಿಕೊಂಡೇ ಗದ್ದಲದ ಪರೀಕ್ಷೆ ಇನ್ನೊಮ್ಮೆ ಮಾಡಿಸಿ, ಎಷ್ಟು ಸುಧಾರಿಸಿತು ಎಂದು ಅಂಕಿಯಲ್ಲಿ ಕೇಳಿ ತಿಳಿಯಬೇಕು.

ಖರ್ಚಿಲ್ಲದ ಉಪಾಯವೂ ಇದೆ. ಮಾತಾಡುವವರ ದೂರ ಅರ್ಧಕ್ಕೆ ಇಳಿದರೆ ಅವರ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಗದ್ದಲ ಮಾತ್ರ ಅಷ್ಟೇ ಇರುತ್ತದೆ. ಸದ್ದು ಮಾರ್ದನಿಸುವ ಹಾಲ್‌ನಲ್ಲಿ ಲಾಭ ಸ್ವಲ್ಪ ಕಡಿಮೆ, ಆದರೂ ಎರಡು ಮೀಟರ್ ದೂರದಿಂದ ಕೂಗುವ ಬದಲು ಒಂದು ಮೀಟರ್ ಹತ್ತಿರ ಬಂದು ಸಹಜ ದನಿಯಲ್ಲಿ ಹೇಳುವುದು ಮೇಲು. ಕಿರುಚಿದರೆ ಪ್ರಯೋಜನವಿಲ್ಲ. ಹೊರಸಾಲಿನ ಕೋಶಗಳು ಸವೆದ ಕಿವಿಗೆ ಮೆಲ್ಲಗೆ ಹೇಳಿದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಏರಿಸಿದರೆ ಸದ್ದು ಸರ್ರನೆ ಏರಿ ಕಿವಿಗೆ ಹೊಡೆದಂತಾಗುತ್ತದೆ. “ಸ್ವಲ್ಪ ಜೋರಾಗಿ ಹೇಳಮ್ಮ” ಎಂದವರೇ ಮರುಗಳಿಗೆ “ಯಾಕೆ ಹಾಗೆ ಕಿರುಚ್ತೀಯಾ” ಎನ್ನುವುದು ಇದರಿಂದ. ಮುಖ ಕಾಣುವಂತೆ, ಬೆಳಕಿನಲ್ಲಿ ನಿಂತು ಮಾತಾಡಿ. ಒಂದು ಸಲ ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ಊಟಕ್ಕೆ ಕೂರಿಸುವಾಗ ಸ್ಪೀಕರಿನಿಂದ ದೂರ, ಮೂಲೆಯ ಕಡೆ, ಬೆನ್ನಿಗೆ ಗೋಡೆ ಬರುವಂತೆ ಕೂರಿಸಿ.

ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಬಾರದು. ಎರಡು ಕಿವಿಗಳ ಗೆರೆ ಒಂದಕ್ಕೊಂದು ಹೊಂದದಿದ್ದರೆ, ಒಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಗೆರೆ ಚೆನ್ನಾಗಿದ್ದೂ ಪದಗಳು ತೀರ ಕಡಿಮೆ ತಿಳಿಯುತ್ತಿದ್ದರೆ ಶ್ರವಣ ನರದಲ್ಲಿ ಗಡ್ಡೆ ಇದೆಯೇ ಎಂದು ಎಂ.ಆರ್.ಐ. ಮಾಡಿಸಿ ನೋಡುತ್ತಾರೆ. ಅದು ಅಪರೂಪ, ಆದರೂ ತಪ್ಪಿಸಿಕೊಳ್ಳಬಾರದು. ಮರೆವಿನ ಕಾಯಿಲೆಯ ಪರೀಕ್ಷೆಯನ್ನು ಬಾಯಿಮಾತಿನಲ್ಲಿ ಮಾಡುವಾಗ ಪ್ರಶ್ನೆಯೇ ಸರಿಯಾಗಿ ಕೇಳಿಸದೆ ಅಂಕ ಹೋಗುವುದೂ ಉಂಟು, ಅದಕ್ಕೂ ಮೊದಲು ಕಿವಿ ನೋಡಿಸುವುದು ಒಳ್ಳೆಯದು. ಒಂದು ದಿನ ಎರಡು ದಿನದೊಳಗೆ ಇದ್ದಕ್ಕಿದ್ದಂತೆ ಒಂದು ಕಿವಿ ಮುಚ್ಚಿಹೋದರೆ ಅದು ತುರ್ತು. ಗುಗ್ಗೆ ಇರಬೇಕು ಎಂದುಕೊಂಡು ವಾರಗಟ್ಟಲೆ ಕಾಯಬೇಡಿ, ಆ ದಿನವೇ ಇ.ಎನ್.ಟಿ. ಡಾಕ್ಟರನ್ನು ಕಾಣಿ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಶ್ರವಣ ಮರಳುವ ಅವಕಾಶ ಹೆಚ್ಚಿರುವುದು ಮೊದಲ ಎರಡು ವಾರಗಳಲ್ಲಿ.

ನಿಧಾನವಾಗಿ ಬಂದ ತೊಂದರೆಗೆ ಅಷ್ಟು ಅವಸರವಿಲ್ಲ, ಆದರೆ ಪರೀಕ್ಷೆಗೆ ಹೋದ ದಿನ ಪೂರ್ತಿಯಾಗಿ ಮಾಡಿಸಿ. ಎಲ್ಲೆಲ್ಲಿ ಮಾತು ತಿಳಿಯುವುದಿಲ್ಲ ಎಂದು ನಾಲ್ಕು ಜಾಗಗಳ ಹೆಸರು ಬರೆದುಕೊಂಡು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೀಪ್ ಸದ್ದಿನ ಪರೀಕ್ಷೆ ಮುಗಿದ ಮೇಲೆ ಏಳುವ ಮುಂಚೆ ಆಡಿಯಾಲಜಿಸ್ಟರನ್ನು ಒಂದು ಮಾತು ಕೇಳಿ: “ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತೆ ಅಂತ ಕನ್ನಡದಲ್ಲಿ ನೋಡ್ತೀರಾ?” ಅಲ್ಲಿ ಆ ಸೌಲಭ್ಯ ಇಲ್ಲವೆಂದರೆ, ಎಲ್ಲಿದೆ ಎಂದು ಅವರಿಂದಲೇ ಬರೆಸಿಕೊಂಡು ಬನ್ನಿ.